ಹೊಳೆವ್ವನ ಯಾದಿ

ಹೊಳೆವ್ವ ನಮ್ಮ ಸೊಸಾಯಿಟಿಯ ಬಾಗಿಲಿಗೆ ಬಂದಾಗ ಅವಳ ಬಗಲಲ್ಲಿ ಒಂದು ಹಿಟ್ಟಿನ ಡಬ್ಬಿ ಇತ್ತು. ದಾಂಡೇಲಿಯ ಕಾಗದ ಕಾರ್ಖಾನೆಯ ಕೆಲಸಗಾರರು ಕೂಡಿ ಕಟ್ಟಿಕೊಂಡ ಪತ್ತಿನ ಸೊಸಾಯಿಟಿ ಅದು. ನಾನು, ಬಸಲಿಂಗಯ್ಯ, ಅಲ್ಲಿಯ ಕಾರಕೂನ. ದಿನವಿಡೀ ಸಾಲ ಕೇಳುವವರ ಮುಖ ನೋಡಿ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಕೆ ರೊಟ್ಟಿ ಮಾರಲು ಬಂದಿದ್ದಾಳೆಂದು ತಿಳಿದು, ಇವತ್ತು ಬೇಡ ಎಂದು ತಲೆ ಎತ್ತದೆ ಹೇಳಿದೆ.

"ರೊಟ್ಟಿ ಅಲ್ರಿ ಅಯ್ಯನೋರ, ಕಾಗದ ಅದಾವ್ರಿ," ಎಂದು ಅವಳು ಡಬ್ಬಿಯನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದಳು. ಜೋಳದ ಹಿಟ್ಟಿನ ಧೂಳಿನೊಂದಿಗೆ ರಸೀದಿಗಳು, ಮಡಿಚಿದ ಚೀಟಿಗಳು, ಅಂಚು ಹರಿದ ಒಂದು ಪಾಸ್‌ಬುಕ್ಕು ಬಿದ್ದವು. ನನ್ನ ಅಂಗಿಯೆಲ್ಲ ಬೆಳ್ಳಗಾಯಿತು.

ಅವಳ ಗಂಡ ದುರ್ಗಪ್ಪ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಮಶೀನಿನ ಮೇಲೆ ಇದ್ದವನು. ಆ ಮಳೆಗಾಲದಲ್ಲಿ ಕಾಮಣಿಯಾಗಿ, ಕಣ್ಣು ಮೈ ಹಳದಿಗಟ್ಟಿ ತೀರಿಕೊಂಡಿದ್ದ. ೧೯೬೪ರ ಮಾತು. ನಮ್ಮ ಮೆಂಬರನೇ ಆಗಿದ್ದರಿಂದ ಅವನ ಗುರುತು ನನಗಿತ್ತು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಹೋದಲ್ಲೆಲ್ಲ ಒಂದಿಷ್ಟು ದುಡ್ಡು ಇಟ್ಟುಬರುವುದು ಅವನ ಚಾಳಿ ಎಂದು ತಿಳಿದದ್ದು ಮಾತ್ರ ಅವನು ಸತ್ತ ಮೇಲೆಯೇ.

ಈಗ ಗಂಡನಿಗೆ ಕಾರ್ಖಾನೆ ಕೊಟ್ಟಿದ್ದ ಕೋಣೆಯನ್ನು ದೀಪಾವಳಿಯೊಳಗೆ ಬಿಡಬೇಕಿತ್ತು. ಹಳೆ ದಾಂಡೇಲಿಯಲ್ಲಿ ಸಕ್ಕುಬಾಯಿ ಎಂಬಾಕೆ ಮಣ್ಣಿನ ಗೋಡೆಯ ಎರಡು ಖೋಲಿಯ ಮನೆ ಮಾರುವವಳಿದ್ದಳು. ಹೊಳೆವ್ವನಿಗೆ ಆ ಮನೆ ಬೇಕು. ಗಂಡ ಹಾಸಿಗೆ ಹಿಡಿದಾಗಿನಿಂದ ಅವಳು ಒಂಟಿ ಕೆಲಸಗಾರರಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಗಿರಾಕಿಗಳೆಲ್ಲ ದಾಂಡೇಲಿಯವರು. ಮನೆ ಸಿಗದಿದ್ದರೆ ಮುಂಡಗೋಡ ಕಡೆಯ ಚಿಗಳ್ಳಿಗೆ, ಭಾವ ಮುದಕಪ್ಪನ ಮನೆಗೆ ಹೋಗಿ ಅವರ ಹಿತ್ತಲಲ್ಲಿ ಸೆಗಣಿ ಬಳಿಯುತ್ತ ಕೂಡಬೇಕು. ಅದನ್ನೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಆದರೆ ಮುದಕಪ್ಪ ಆಗಲೇ, ಅವಳ ಹನ್ನೊಂದು ವರ್ಷದ ಮಗಳು ನೀಲಕ್ಕನನ್ನು ತನ್ನ ಹೆಂಡತಿಯ ತಮ್ಮನಿಗೆ ತರುವುದೆಂದು ಮಾತಾಡಿಬಿಟ್ಟಿದ್ದ. ಆ ತಮ್ಮನಿಗೆ ಹೆಂಡತಿ ಸತ್ತು ಎರಡು ಮಕ್ಕಳಿದ್ದವು.

"ಇದರಾಗ ಎಷ್ಟ ಐತಿ ಅಂತ ನೋಡ್ರಿ. ಮನೀಗೆ ಸಾಲೂವಷ್ಟು ಆಕ್ಕೈತೇನು, ಇಲ್ಲೇನು, ಅಷ್ಟ ಹೇಳ್ರಿ," ಎಂದಳು.

ಅಷ್ಟೇ ಹೇಳುವುದು ಅಷ್ಟು ಸುಲಭವಿರಲಿಲ್ಲ. ದೊಡ್ಡ ಹಾಳೆ ತೆಗೆದು ಗೆರೆ ಎಳೆದೆ. ಎಲ್ಲಿ ಇದೆ, ಯಾರ ಹೆಸರಿಗಿದೆ, ನಂಬರೇನು, ಮೊತ್ತವೆಷ್ಟು, ಬಿಡಿಸಿಕೊಳ್ಳಲು ಏನು ಕಾಗದ ಬೇಕು. ಪ್ರತಿಯೊಂದು ಚೀಟಿಯೂ ಈ ಐದು ಮನೆ ತುಂಬಿದ ಮೇಲೆಯೇ ಯಾದಿಗೆ ಬಂದಂತೆ. ಇಂಥ ಕೆಲಸವೆಂದರೆ ನನಗೆ ಒಳಗೊಳಗೇ ಖುಷಿ. ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದೆ.

ಪ್ರಾವಿಡೆಂಟ್ ಫಂಡಿಗೆ ದುರ್ಗಪ್ಪ ಹೆಂಡತಿಯ ಹೆಸರು ಬರೆಸಿದ್ದ. ಕಾರ್ಖಾನೆಯ ಆಫೀಸಿನವರು ಅರ್ಜಿ ತುಂಬಿಸಿ ಬೆಂಗಳೂರಿಗೆ ಕಳಿಸಿದರು. ನಮ್ಮ ಸೊಸಾಯಿಟಿಯಲ್ಲಿ ಅವನ ಷೇರು, ತಿಂಗಳ ಪಗಾರದಲ್ಲಿ ಮುರಿದುಕೊಂಡ ಠೇವಣಿ ಇತ್ತು. ಔಷಧಕ್ಕೆ ತೆಗೆದ ಸಾಲ ಅದರಲ್ಲಿ ವಜಾ. ಕಾರ್ಖಾನೆಗೆ ಸೇರಿದ ವರ್ಷ ಉಳಿತಾಯದ ಸಾಹೇಬರು ಬಂದು ಭಾಷಣ ಮಾಡಿ ಹಂಚಿದ ಹನ್ನೆರಡು ವರ್ಷದ ಸರ್ಟಿಫಿಕೇಟುಗಳು ದೇವರ ಫೋಟೋದ ಹಿಂದೆ ಸಿಕ್ಕವು. ಮುದ್ದತು ಮುಗಿದಿರಲಿಲ್ಲ, ಆದರೆ ಇಟ್ಟವನು ಸತ್ತರೆ ವಾರಸುದಾರರು ಮೊದಲೇ ಬಿಡಿಸಿಕೊಳ್ಳಬಹುದು, ಬಡ್ಡಿ ಕಡಿಮೆ ಬರುತ್ತದೆ ಅಷ್ಟೆ. ಹತ್ತು ಹನ್ನೆರಡು ಜನ ಕೂಡಿ ತಿಂಗಳು ತಿಂಗಳು ಹಾಕಿ ಸರದಿಯ ಮೇಲೆ ಎತ್ತಿಕೊಳ್ಳುವ ಭಿಶಿಯಲ್ಲಿ ಅವನ ಸರದಿ ಇನ್ನೂ ಬಂದಿರಲಿಲ್ಲ. ಆ ಪುಣ್ಯಾತ್ಮರು ಚಕಾರ ಎತ್ತದೆ ಅವನು ಹಾಕಿದ್ದನ್ನು ಎಣಿಸಿ ಕೊಟ್ಟರು.

ಹೊಳೆವ್ವ ಅಕ್ಷರ ಬಲ್ಲವಳಲ್ಲ. ಗಂಡ ಎಲ್ಲೆಲ್ಲಿ ದುಡಿದನೋ ಆ ಊರುಗಳನ್ನು ಹಿಡಿದುಕೊಂಡು ನೆನಪು ಮಾಡುತ್ತಿದ್ದಳು. "ಚಿಗಳ್ಳ್ಯಾಗಿದ್ದಾಗ ಅಲ್ಲೀ ಸೊಸಾಯ್ಟ್ಯಾಗ ಒಂದ ಷೇರ ತಗೊಂಡಿದ್ರು. ಕುಳಗಿ ಕ್ಯಾಂಪಿನ್ಯಾಗ ಕಂತ್ರಾಟದಾರನ ಕಡೆ ಪಗಾರ ಬಿಟ್ಟಿದ್ರು, ಆಮ್ಯಾಲ ತಗೊಂಡ್ರಾಯ್ತು ಅಂತ."

"ಚೀಟಿ?"

"ಚೀಟಿ ಎಲ್ಲಿದ್ರಿ. ಬಾಯಿಮಾತು."

ಆ ಕಂತ್ರಾಟದಾರ ಯಾವಾಗಲೋ ಬೆಳಗಾವಿ ಕಡೆ ಹೋಗಿ ಅಡ್ರೆಸ್ಸು ಇಲ್ಲದಂತಾಗಿದ್ದ. ಅದರ ಮೇಲೆ ಗೀಟು ಹಾಕಿದೆ. ಅವಳು ಆ ಗೀಟನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಕೊಡಲಿ ಹಿಡಿದು ನಿಂತ ಗಂಡ ಅವಳಿಗೆ ಕಾಣುತ್ತಿದ್ದನೋ ಏನೋ, ನನಗೂ ಕೆಟ್ಟದೆನಿಸಿತು. ಕಂತ್ರಾಟದಾರನನ್ನು ಬಾಯಿತುಂಬ ಬೈದೆ.

ಎಲ್ಲ ಕೂಡಿಸಿ ನೋಡಿದರೆ ಸಕ್ಕುಬಾಯಿ ಹೇಳಿದ ಕಿಮ್ಮತ್ತಿಗೆ ನೂರೈವತ್ತು ರೂಪಾಯಿ ಕಡಿಮೆ. ಉಳಿದಿದ್ದು ಆ ಹರಿದ ಪಾಸ್‌ಬುಕ್ಕು ಒಂದೇ. ಹಳಿಯಾಳ ಅಂಚೆ ಕಚೇರಿಯ ಉಳಿತಾಯ ಖಾತೆ, ಹೆಸರು ನೀಲಕ್ಕ ದುರ್ಗಪ್ಪ, ಚಿಕ್ಕ ಮಗು, ಪರವಾಗಿ ತಂದೆ. ದುರ್ಗಪ್ಪ ವರ್ಷಕ್ಕೊಮ್ಮೆ ಹಳಿಯಾಳದ ಸಂತೆಗೆ ಹೋದಾಗ ಅದರಲ್ಲಿ ಹಾಕಿಬರುತ್ತಿದ್ದ. ಕೊನೆಯ ಸಾಲು ನೋಡಿದೆ: ಬಡ್ಡಿ ಸೇರಿ ನೂರಾ ಅರವತ್ತರ ಮೇಲೆ. ನನಗೆ ಕುಣಿದಾಡುವಷ್ಟು ಸಂತೋಷವಾಯಿತು.

"ಆತು ಬಿಡ್ರಿ, ಮನೀ ನಿಮ್ಮದ. ತಂದಿ ಇಲ್ಲ ಅಂದ್ಮ್ಯಾಲ ತಾಯಿ ಪಾಲಕಳು. ನೀವು ಹೆಬ್ಬಟ್ಟು ಒತ್ತಿದ್ರ ಮುಗೀತು. ಮಗಳ ಹುಟ್ಟಿದ ತಾರೀಖಿನ ಸರ್ಟಿಫಿಕೇಟು ಸಾಲ್ಯಾಗ ಇಸಕೋರಿ," ಎಂದೆ.

ಹೊಳೆವ್ವ ನಗಲಿಲ್ಲ. ಪಾಸ್‌ಬುಕ್ಕನ್ನು ಸೆರಗಿನಲ್ಲಿ ಒರೆಸಿ ಎದೆಗೆ ಒತ್ತಿಕೊಂಡಳು. "ಇದನ್ನ ಕಡೀಕ ಇಟ್ಟಿದ್ದೆರಿ. ಇದು ಆಕೀದು," ಎಂದಳು. ಆಗ ಅವಳ ಧ್ವನಿ ಯಾಕೆ ಅಷ್ಟು ಸಣ್ಣಗಾಯಿತೆಂದು ನಾನು ಕೇಳಲಿಲ್ಲ. ಮಗಳ ದುಡ್ಡು ಮುಟ್ಟಲು ಸಂಕಟವೆಂದುಕೊಂಡೆ.

ಆ ವಾರವೇ ಮುದಕಪ್ಪ ಚಿಗಳ್ಳಿಯಿಂದ ಬಂದ. ಕೆಟ್ಟ ಮನುಷ್ಯನಲ್ಲ, ತಾನು ಮಾಡುವುದೆಲ್ಲ ಉಪಕಾರವೆಂದು ನಂಬಿದವನು. ಸೊಸಾಯಿಟಿಯ ಬೆಂಚಿನ ಮೇಲೆ ಕೂತು, "ಹೆಣ್ಣಮಗಳು ಮನೀ ತಗೊಂಡು ಏನ ಮಾಡ್ತಾಳ್ರಿ? ದೀಪಾವಳಿಗೆ ಬಂಡಿ ತರ್ತೇನಿ. ತಾಯಿ ಮಗಳು ಬರ್ಲಿ. ರೊಕ್ಕ ನಾ ಕಾಯ್ತೇನಿ," ಎಂದ.

"ಮನೀ ಖರೇದಿ ಆದ್ರ?" ಎಂದೆ.

"ಆದ್ರ ಇರ್ಲಿ. ಆಗಂಗಿಲ್ಲ," ಎಂದು ಎದ್ದುಹೋದ. ಅವನ ಮೇಲಿನ ಹಟಕ್ಕೆ ನಾನೇ ತಾಯಿ ಮಗಳನ್ನು ಕರೆದುಕೊಂಡು ಹಳಿಯಾಳಕ್ಕೆ ಹೊರಟೆ.

ಬಸ್ಸಿನಲ್ಲಿ ನೀಲಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಎರಡು ಜಡೆ, ಎಣ್ಣೆ ಹಚ್ಚಿದ ಮುಖ, ನೂರೆಂಟು ಪ್ರಶ್ನೆ. ಆ ಅಂಚೆ ಕಚೇರಿಯಲ್ಲಿ ತನ್ನ ಹೆಸರು ಎಷ್ಟು ದೊಡ್ಡದಾಗಿ ಬರೆದಿದ್ದಾರೆ ಎಂದು ಕೇಳಿದಳು. ತನ್ನ ಹೆಸರಿನದು ಅಂತ ಜಗತ್ತಿನಲ್ಲಿ ಒಂದು ಪುಸ್ತಕವಿದೆ ಎಂಬುದೇ ಅವಳಿಗೆ ದೊಡ್ಡಸ್ತಿಕೆಯಾಗಿತ್ತು.

ಪೋಸ್ಟ್ ಮಾಸ್ತರರು ಸಮಾಧಾನದ ಮನುಷ್ಯರು. ಪಾಸ್‌ಬುಕ್ಕು ತಿರುವಿದರು, ದುರ್ಗಪ್ಪನ ಸಾವಿನ ದಾಖಲೆ ನೋಡಿದರು. ದುಡ್ಡು ತೆಗೆಯುವ ಫಾರ್ಮಿನ ಒಂದು ಸಾಲನ್ನು ಹೊಳೆವ್ವನಿಗೆ ತಿಳಿಯುವಂತೆ ಹೇಳಿದರು. "ನೋಡವಾ, ಸಣ್ಣ ಮಕ್ಕಳ ಖಾತೆ ಇದು. ಈ ರೊಕ್ಕ ಆ ಮಗುವಿನ ಸಲುವಾಗೇ ಬೇಕು, ಆ ಮಗು ಜೀವಂತ ಐತಿ, ಇನ್ನೂ ಸಣ್ಣದೈತಿ ಅಂತ ನೀ ಬರದು ಕೊಡಬೇಕು. ಹೌದಲ್ಲ?"

"ಹೌದ್ರಿ. ಜೀವಂತ ಅದಾಳ್ರಿ. ಇಲ್ಲೇ ನಿಂತಾಳ ನೋಡ್ರಿ," ಎಂದು ಹೊಳೆವ್ವ ಮಗಳ ಭುಜ ಹಿಡಿದು ಮುಂದೆ ತಂದಳು.

ಮಾಸ್ತರರು ಹುಡುಗಿಯನ್ನು ನೋಡಿ ನಕ್ಕರು. ಶಾಲೆಯ ಸರ್ಟಿಫಿಕೇಟು ನೋಡಿದರು. ಮತ್ತೆ ಪಾಸ್‌ಬುಕ್ಕು ನೋಡಿದರು. ನಗು ಹೋಯಿತು.

"ಈಕಿ ಹುಟ್ಟಿದ್ದು ಐವತ್ಮೂರನೇ ಇಸ್ವಿ. ಖಾತೆ ತಗದದ್ದು ಐವತ್ತೊಂದು. ಹುಟ್ಟೂಕಿಂತ ಮೊದಲ ಖಾತೆ ಹೆಂಗ ತಗದ್ರಿ?"

ನಾನು ಮೊತ್ತವನ್ನಷ್ಟೇ ನೋಡಿದ್ದೆ. ಶಾಲೆಯಲ್ಲಿ ತಪ್ಪು ಬರೆದಿರಬೇಕು, ನಮ್ಮ ಕಡೆ ವಯಸ್ಸು ಬರೆಸುವುದೇ ಹಾಗೆ ಎಂದು ಬಾಯಿ ಹಾಕಿದೆ. ಹೊಳೆವ್ವ ತಲೆ ಅಲ್ಲಾಡಿಸಿದಳು.

"ತಪ್ಪಿಲ್ಲರಿ. ಆಗ ತಗದದ್ದು ಮೊದಲನೇ ನೀಲಕ್ಕಗ."

"ಮೊದಲನೇ ನೀಲಕ್ಕ ಎಲ್ಲಿ ಅದಾಳ?"

"ಈಕೀನ ರೀ. ಹೋಗಿ ತಿರುಗಿ ಬಂದಾಳ."

ಮಾಸ್ತರರು ಪೆನ್ನು ಕೆಳಗಿಟ್ಟರು. ನನಗೆ ಎಲ್ಲ ಒಮ್ಮೆಲೇ ತಿಳಿಯಿತು. ನಮ್ಮ ಕಡೆ ಇದು ಹೊಸದಲ್ಲ. ಒಂದು ಕೂಸು ಹೋದರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರು. ಹೋದವಳೇ ಬಂದಳೆಂದು ಹೇಳಿ ತಾಯಿಯ ಕಣ್ಣು ಒರೆಸುತ್ತಾರೆ. ಅದೇ ತೊಟ್ಟಿಲು, ಅದೇ ಕಾಲ್ಗಡಗ. ದುರ್ಗಪ್ಪ ಅದೇ ಪಾಸ್‌ಬುಕ್ಕನ್ನೂ ಮುಂದುವರಿಸಿದ್ದ. ಒಂದು ಮಗಳಿಗೆ ಎರಡು ಪುಸ್ತಕ ಯಾಕೆ ಎಂದು ಅವನಿಗೆ ಅನಿಸಿರಬೇಕು.

ಮಾಸ್ತರರು ಮೆಲ್ಲಗೆ ಹೇಳಿದರು. ಸರ್ಕಾರದ ಪುಸ್ತಕಕ್ಕೆ ಇಬ್ಬರೂ ಬೇರೆ ಬೇರೆ. ಈ ಹುಡುಗಿಯನ್ನು ತೋರಿಸಿ ಆ ಖಾತೆಯ ದುಡ್ಡು ಕೊಡಲು ಬರುವುದಿಲ್ಲ. ಆ ಮಗು ತೀರಿಕೊಂಡಿದೆಯೆಂದು ತಾಯಿ ವಾರಸುದಾರಳಾಗಿ ಅರ್ಜಿ ಕೊಡಬೇಕು. ಮೊತ್ತ ಸಣ್ಣದು, ಕೋರ್ಟಿಗೆ ಹೋಗುವುದು ಬೇಡ. ಎಲ್ಲಿ, ಯಾವಾಗ ತೀರಿಕೊಂಡಿತೆಂದು ಬರೆಯಬೇಕು, ಕಂಡವರ ಸಾಕ್ಷಿ ಬೇಕು, ಇಬ್ಬರು ಜಾಮೀನು ಬೇಕು. ಮೇಲಿನ ಕಚೇರಿಯ ಒಪ್ಪಿಗೆ ಬಂದ ಮೇಲೆ ದುಡ್ಡು. "ನಾ ಬರೀತೇನಿ. ನೀ ಹೆಬ್ಬಟ್ಟು ಒತ್ತವಾ," ಎಂದು ಮಸಿಯ ಪ್ಯಾಡನ್ನು ಅವಳ ಮುಂದೆ ಸರಿಸಿದರು.

ಹೊಳೆವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಏನಂತ ಬರೀತೀರಿ?"

"ನೀಲಕ್ಕ ದುರ್ಗಪ್ಪ ತೀರಿಕೊಂಡಾಳ ಅಂತ."

"ನಾ ಒತ್ತಂಗಿಲ್ಲ," ಎಂದವಳೇ ಹೊರಗೆ ನಡೆದಳು.

ಅಂಚೆ ಕಚೇರಿಯ ಮುಂದೆ ಮಾವಿನ ಗಿಡದ ಕಟ್ಟೆಯ ಮೇಲೆ ಅವಳು ಕೂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ತಿಂಗಳುಗಟ್ಟಲೆ ಚೀಟಿ ಚೀಟಿ ಆರಿಸಿ ಯಾದಿ ಮಾಡಿದ್ದು ಮಣ್ಣುಪಾಲು. "ಹುಚ್ಚ ಹಿಡದೈತೇನ ನಿಮಗ? ದೀಪಾವಳಿಗೆ ಬಂಡಿ ಬರ್ತೈತಿ. ಈ ಕೂಸಿನ್ನ ಆ ಎರಡ ಮಕ್ಕಳ ತಂದಿಗೆ ಕೊಡಾವ್ರೇನು?" ಎಂದು ಹುಡುಗಿಯ ಮುಂದೆಯೇ ಕೂಗಾಡಿದೆ.

"ಅಯ್ಯನೋರ, ಈಕಿ ಹೆಸರನೂ ಅದ ಐತಿ," ಎಂದಳು ಹೊಳೆವ್ವ. "ನೀಲಕ್ಕ ದುರ್ಗಪ್ಪ. ಎದುರಿಗೆ ಜೀವಂತ ನಿಲ್ಲಿಸಿಕೊಂಡು, ಸತ್ತಾಳ ಅಂತ ನನ್ನ ಕೈಲೆ ಹೆಂಗ ಒತ್ತಲಿ? ಮನಿಯವರಂತೂ ಹೋದ್ರು. ಈಕೀಗೇನರ ಆದ್ರ?"

ಓದಿದವನೆಂದು ನಾನು ನಗಬಹುದಿತ್ತು. ನನಗೂ ಮಕ್ಕಳಿವೆ, ನಗು ಬರಲಿಲ್ಲ.

ಆಮೇಲೆ ಅವಳು ತಾನಾಗಿಯೇ ಹೇಳಿದಳು. ಕುಳಗಿಯ ಕಟ್ಟಿಗೆ ಕ್ಯಾಂಪು, ಬಿದಿರಿನ ತಟ್ಟಿಯ ಗುಡಿಸಲು. ಮಗುವಿಗೆ ಮೂರು ವರ್ಷ ತುಂಬುತ್ತ ಬಂದಿತ್ತು. ಮಳೆಗಾಲದಲ್ಲಿ ಚಳಿಜ್ವರ ಬಂತು. ಹಳ್ಳ ತುಂಬಿ ಹಾದಿ ಬಂದಾಗಿತ್ತು, ಲಾರಿ ಇಲ್ಲ, ಡಾಕ್ಟರು ಇಲ್ಲ. ಮಗು ನೀರು ನೀರು ಎನ್ನುತ್ತಿತ್ತು. ಜ್ವರಕ್ಕೆ ನೀರು ಕೊಡಬಾರದೆಂದು ಯಾರೋ ಹೇಳಿದ್ದರಿಂದ ಇವಳು ಕೊಡಲಿಲ್ಲ. ಬೆಳಗ್ಗೆ ಗಂಡ, ಜೊತೆಗಾರ ಸೋಮಪ್ಪ ಇಬ್ಬರೇ ಎತ್ತಿಕೊಂಡು ಹೋದರು. ಇವಳನ್ನು ಬರಗೊಡಲಿಲ್ಲ. ತಿರುಗಿ ಬಂದ ದುರ್ಗಪ್ಪ, "ಅಳಬ್ಯಾಡ, ಹೋದಳು ಅನಬ್ಯಾಡ. ಅತ್ತರ ಹಾದಿ ತಪ್ಪತಾಳ. ಆಕಿ ತಿರುಗಿ ಬರಾಕಿ," ಎಂದನಂತೆ. ಅವಳು ಅಳಲಿಲ್ಲ. ಮುಂದಿನ ವರ್ಷ ಹೆಣ್ಣೇ ಹುಟ್ಟಿತು.

"ಅವತ್ತಿನಿಂದ ಇವತ್ತಿನ ತನಕ ಆಕೀನ್ನ ಹೋದಳು ಅಂದಿಲ್ರಿ ನಾ," ಎಂದಳು.

ನೀಲಕ್ಕ ಅಷ್ಟೂ ಹೊತ್ತು ನಿಂತೇ ಇದ್ದಳು. ನೀನು ಒಮ್ಮೆ ಹೋಗಿ ಬಂದವಳು ಎಂದು ತಾಯಿ ಮುದ್ದು ಮಾಡುವಾಗ, ಯಾವುದೋ ನೆಂಟರ ಊರಿಗೆ ಹೋಗಿ ಬಂದದ್ದೆಂದು ಆ ಹುಡುಗಿ ತಿಳಿದಿದ್ದಳಂತೆ. ಈಗ ಅವಳ ಮುಖ ಬಿಳಚಿಕೊಂಡಿತ್ತು.

"ಅವ್ವಾ, ಅಕ್ಕಗ ನೀರ ಬೇಕಾಗಿತ್ತೇನು?"

ಹೊಳೆವ್ವ ಬೆಚ್ಚಿ ನೋಡಿದಳು. ಆ ಮಗುವನ್ನು ಅಕ್ಕ ಎಂದು ಯಾರೂ ಎಂದೂ ಕರೆದಿರಲಿಲ್ಲ. ಇವಳೇ ಅವಳಾದರೆ ಅಕ್ಕ ಎಲ್ಲಿಂದ ಬಂದಳು?

ನೀಲಕ್ಕ ತಾಯಿಯ ಪಕ್ಕ ಕೂತು, ಸೆರಗಿನೊಳಗಿದ್ದ ಕೈಯನ್ನು ಹೊರಗೆ ತೆಗೆದು ಹಿಡಿದುಕೊಂಡಳು. "ಒತ್ತವ್ವಾ. ನಾ ಸಾಯಂಗಿಲ್ಲ," ಎಂದಳು.

ಆಗ ಹೊಳೆವ್ವ ಅತ್ತಳು. ದುರ್ಗಪ್ಪನ ಮಣ್ಣಿಗೆ ಹೋದಾಗ ಅವಳು ಅತ್ತದ್ದನ್ನು ನಾನು ನೋಡಿದ್ದೆ, ಇದು ಆ ಅಳು ಅಲ್ಲ. ಸಂತೆಗೆ ಬಂದ ಜನ ಗುಂಪುಗೂಡಿದರು, ಮಾಸ್ತರರು ಕಿಟಕಿಯಿಂದ ನೋಡಿ ಒಳಗೆ ಸರಿದರು. ಹೆಣವನ್ನು ಈಗಷ್ಟೇ ಎತ್ತಿಕೊಂಡು ಹೋದರೇನೋ ಎನ್ನುವಂತೆ ಅವಳು ಆ ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದಳು. ಪಕ್ಕದಲ್ಲಿ ಅದೇ ಹೆಸರಿನ ಹುಡುಗಿ ಓಗೊಡದೆ ಕೂತಿದ್ದಳು. ನಾನು ಕಣ್ಣು ಒರೆಸಿಕೊಂಡು, ಗುಂಪಿನ ಮೇಲೆ ರೇಗಿ ಎಲ್ಲರನ್ನೂ ಓಡಿಸಿದೆ.

ಅವತ್ತು ಹೆಬ್ಬಟ್ಟು ಬಿತ್ತು. ಸಾಕ್ಷಿಗೆ ಸೋಮಪ್ಪ ಸಿಕ್ಕ. ಈಗ ದಾಂಡೇಲಿಯ ಕಟ್ಟಿಗೆ ಡೀಪೋದಲ್ಲಿ ಕಾವಲುಗಾರ. ಮರುವಾರ ಅವನನ್ನು ಹಳಿಯಾಳಕ್ಕೆ ಕರೆದೊಯ್ದೆ. ತಾನೂ ದುರ್ಗಪ್ಪನೂ ಮಣ್ಣು ಮಾಡಿದ್ದನ್ನು ಅವನು ಬರೆಸಿದ. ಜಾಮೀನಿಗೆ ನಾನೊಬ್ಬ, ಅವನೊಬ್ಬ. ಮೇಲಿನ ಕಚೇರಿಯಿಂದ ಒಪ್ಪಿಗೆ ಬರುವ ಮೊದಲೇ ದೀಪಾವಳಿ ಬಂತು. ಆದರೆ ಯಾದಿಯ ಉಳಿದ ದುಡ್ಡೆಲ್ಲ ಕೈಸೇರಿತ್ತು. ಅಂಚೆ ಕಚೇರಿಗೆ ಕೊಟ್ಟ ಅರ್ಜಿಯ ರಸೀದಿ ತೋರಿಸಿದಾಗ ಸಕ್ಕುಬಾಯಿ ಬಾಕಿಗೆ ತಡೆಯಲು ಒಪ್ಪಿ ಕೀಲಿಕೈ ಕೊಟ್ಟಳು. ಮುದಕಪ್ಪನ ಬಂಡಿ ಬಂದು, ಖಾಲಿಯಾಗಿ ತಿರುಗಿಹೋಯಿತು. ಅವನು ಮುನಿಸಿಕೊಂಡು ಒಂದು ಲೋಟ ನೀರೂ ಕುಡಿಯದೆ ಹೋದ.

ಸಂಕ್ರಾಂತಿ ಆದ ಮೇಲೆ ನೂರಾ ಅರವತ್ತು ಚಿಲ್ಲರೆ ರೂಪಾಯಿ ಬಂತು. ಪಾಸ್‌ಬುಕ್ಕನ್ನು ಅಂಚೆಯವರೇ ಇಟ್ಟುಕೊಂಡರು. ಖಾತೆ ಮುಗಿದ ಮೇಲೆ ಹಾಗೆಯೇ. ಹೊಳೆವ್ವ ಅದನ್ನೊಮ್ಮೆ ಕೈಯಲ್ಲಿ ಕೊಡಲು ಕೇಳಿ, ಮುಟ್ಟಿ, ತಿರುಗಿ ಕೊಟ್ಟಳು. ಸಕ್ಕುಬಾಯಿಯ ಬಾಕಿ ತೀರಿತು, ಹತ್ತು ಹನ್ನೆರಡು ರೂಪಾಯಿ ಉಳಿಯಿತು. ನಾನು ಯಾದಿಯ ಕೊನೆಯ ಸಾಲಿಗೆ ಬಂತು ಎಂದು ಬರೆದು ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಇನ್ನು ಹುಡುಕಬೇಕಾದದ್ದು ಏನೂ ಇಲ್ಲ ಎಂದೆ.

"ಒಂದ ಐತ್ರಿ," ಎಂದಳು.

ಹಾಗೆ ಒಂದು ರವಿವಾರ ನಾವು ಬಿದಿರಿನ ಲಾರಿಯಲ್ಲಿ ಕುಳಗಿಗೆ ಹೋದೆವು. ತಾಯಿ, ಮಗಳು, ಸೋಮಪ್ಪ, ನಾನು. ಕ್ಯಾಂಪು ಇದ್ದ ಜಾಗದಲ್ಲಿ ಗುಡಿಸಲು ಇರಲಿಲ್ಲ. ಅರಣ್ಯ ಇಲಾಖೆಯವರು ಹಳೆಯ ಕಾಡು ಕಡಿದು ಸಾಗವಾನಿ ಹಚ್ಚಿದ್ದರು. ಸಾಲು ಸಾಲು ಎಳೆಯ ಗಿಡಗಳು, ಒಂದರಂತೆ ಇನ್ನೊಂದು. ಸೋಮಪ್ಪ ಹಳ್ಳದ ದಂಡೆಯಿಂದ ಹೆಜ್ಜೆ ಹಾಕಿದ, ನಿಂತ, ತಿರುಗಿ ಬಂದ, ಮತ್ತೆ ಹೋದ. "ಇಲ್ಲೊಂದ ದೊಡ್ಡ ಮತ್ತಿಮರ ಇತ್ತು. ಅದರ ಬುಡಕ. ಅದನ್ನ ಕಡದಾರ," ಎಂದ. ಮಧ್ಯಾಹ್ನದವರೆಗೆ ಹುಡುಕಿದ. ಕೊನೆಗೆ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ತಂಗೀ, ನನಗ ಗೊತ್ತಾಗವಲ್ದು," ಎಂದು ಕೂತುಬಿಟ್ಟ.

ಹೊಳೆವ್ವ ಹಳ್ಳದಿಂದ ತಂಬಿಗೆ ತುಂಬಿ ತಂದು ಮೊದಲ ಗಿಡದ ಬುಡಕ್ಕೆ ಹೊಯ್ದಳು. ಮತ್ತೆ ತುಂಬಿ ತಂದು ಅದರ ಮುಂದಿನ ಗಿಡಕ್ಕೆ ಹೊಯ್ದಳು. ನೀಲಕ್ಕ ತಾಯಿಯ ಕೈಯಿಂದ ತಂಬಿಗೆ ಇಸಿದುಕೊಂಡು ಹಳ್ಳಕ್ಕೆ ಓಡಿದಳು. ಲಾರಿಯವನು ಹಾರ್ನ್ ಹೊಡೆಯುವವರೆಗೂ ತಾಯಿ ಮಗಳು ಒಂದೊಂದೇ ಗಿಡಕ್ಕೆ ನೀರು ಹಾಕುತ್ತಿದ್ದರು. ಆ ಸಾಲು ಅರ್ಧವೂ ಮುಗಿದಿರಲಿಲ್ಲ.